ಎರಡು ಸಲ ಸೇರಿದ ಸೋಮವಾರ

ಬೆಳಿಗ್ಗೆ ರಿವ್ಯೂ. ರಾತ್ರಿ ಒಂಬತ್ತಕ್ಕೆ ಡ್ಯಾಶ್‌ಬೋರ್ಡ್ ಸೋಮವಾರದ ಮಾರಾಟ 8.4 ಲಕ್ಷ ಎನ್ನುತ್ತಿತ್ತು. ಉಳಿದ ದಿನಗಳೆಲ್ಲ ನಾಲ್ಕು ಲಕ್ಷದ ಆಸುಪಾಸು. ಇಂಟರ್ನ್ ಹುಡುಗಿಗೆ ಅನುಮಾನ ಬಂತು. ಬಿಲ್ಲಿಗೊಂದೇ ಸಾಲು ಇರಬೇಕಾದ ಪಟ್ಟಿಯಲ್ಲಿ ಸಾಲುಗಳು 2,400, ಬಿಲ್ ನಂಬರ್‌ಗಳು 1,200. ರಿಫ್ರೆಶ್ ಲಾಗ್ ತೆರೆದಳು. ಡೇಟಾ ಸೇರಿದ ಮೇಲೆ ನೆಟ್‌ವರ್ಕ್ ಕಡಿದಿತ್ತು; ಕೆಲಸ ಕೆಟ್ಟಿತೆಂದುಕೊಂಡ ವ್ಯವಸ್ಥೆ ಅದನ್ನೇ ಮತ್ತೆ ಸೇರಿಸಿತ್ತು.

ಮ್ಯಾನೇಜರಿಗೆ ಫೋನ್ ಮಾಡಿದಳು. "ಸರ್, ಹೆಚ್ಚಾದ ಸಾಲುಗಳನ್ನ ಅಳಿಸಿಬಿಡ್ಲಾ?"

"ಆರಿಸಿ ಅಳಿಸೋಕೆ ಹೋಗ್ಬೇಡಮ್ಮ. ಬ್ಯಾಕಪ್ ತಗೊಂಡು, ಇಡೀ ಸೋಮವಾರವನ್ನೇ ತೆಗೆದು ಮತ್ತೆ ತುಂಬು."

ಈಗ 4.2 ಲಕ್ಷ. ಬಿಲ್ಲಿಂಗ್ ಕೌಂಟರಿನ ಒಟ್ಟು ಮೊತ್ತಕ್ಕೂ ಅದು ತಾಳೆಯಾಯಿತು. ಮಲಗುವ ಮುಂಚೆ ರಿಫ್ರೆಶ್‌ನ ಕ್ರಮವನ್ನೇ ಬದಲಿಸಿದಳು: ಮೊದಲು ಆ ತಾರೀಖಿನ ಹಳೆಯ ಸಾಲುಗಳನ್ನು ತೆಗೆಯುವುದು, ಆಮೇಲೆ ಹೊಸದನ್ನು ತುಂಬುವುದು. ಇನ್ನು ಅದು ಹತ್ತು ಸಲ ಓಡಿದರೂ ಲೆಕ್ಕ ಒಂದೇ.