ಫೋನ್ ಹ್ಯಾಂಗ್ ಆದರೆ ಅಮ್ಮ ಏನು ಮಾಡಬೇಕು?

ಫೋನ್ ಹ್ಯಾಂಗ್ ಆಯಿತು ಅನ್ನಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಒಂದೇ: ಅದನ್ನು ಮೇಜಿನ ಮೇಲಿಟ್ಟು ಒಂದು ನಿಮಿಷ ಮುಟ್ಟದೆ ಸುಮ್ಮನಿರುವುದು. ಮನೆಯ ಹಿರಿಯರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಬೆರಳು ಸರಿಯಾಗಿ ತಾಗಲಿಲ್ಲವೇನೋ ಎಂದು ಅದೇ ಜಾಗವನ್ನು ಮತ್ತೆ ಮತ್ತೆ ಒತ್ತುತ್ತಾರೆ. ಸ್ಕ್ರೀನ್ ಅಲುಗಾಡದಿದ್ದರೂ ಒತ್ತಿದ್ದೆಲ್ಲ ಎಷ್ಟೋ ಸಲ ಫೋನಿನ ಒಳಗೆ ಸಾಲುಗಟ್ಟಿರುತ್ತದೆ. ಫೋನ್ ಚೇತರಿಸಿಕೊಂಡ ಕ್ಷಣವೇ ಅಷ್ಟೂ ಒಟ್ಟಿಗೆ ನಡೆದುಬಿಡುತ್ತದೆ. ಯಾರಿಗೋ ಕಾಲ್ ಹೋಗುತ್ತದೆ, ಬೇಕಾದ ಫೋಟೊ ಡಿಲೀಟ್ ಆಗುತ್ತದೆ. ಆಮೇಲೆ ‘ನಾನು ಏನೂ ಮಾಡಲೇ ಇಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ.

ಆ ಒಂದು ನಿಮಿಷದಲ್ಲಿ ಫೋನ್ ತಾನಾಗಿಯೇ ಸರಿಹೋಗಬಹುದು. ಇಲ್ಲವೇ ಒಂದು ಚಿಕ್ಕ ಚೌಕ ಮೂಡಿ, ಇಂಥ ಆ್ಯಪ್ isn't responding ಎಂದು ಹೇಳಬಹುದು. ಕೆಳಗೆ Close app, Wait ಎಂಬ ಎರಡು ಆಯ್ಕೆಗಳಿರುತ್ತವೆ. Close app ಒತ್ತಿ. ಮುಚ್ಚುವುದು ಆ ಒಂದು ಆ್ಯಪ್ ಮಾತ್ರ, ಅದರೊಳಗಿನ ಮೆಸೇಜು, ಫೋಟೊ ಎಲ್ಲೂ ಹೋಗುವುದಿಲ್ಲ. ಅರ್ಧ ಬರೆದು ಕಳಿಸದೇ ಇದ್ದ ಸಾಲು ಹೋದರೆ ಹೋಗಬಹುದು, ಅಷ್ಟೇ.

ಚೌಕವೂ ಬರಲಿಲ್ಲ ಅಂದರೆ ಪಕ್ಕದ ಪವರ್ ಬಟನ್ ಒಂದು ಸಲ ಒತ್ತಿ ನೋಡಿ. ಸ್ಕ್ರೀನ್ ಆರಿ, ಇನ್ನೊಮ್ಮೆ ಒತ್ತಿದಾಗ ಹೊತ್ತಿಕೊಂಡರೆ ಫೋನ್ ಚೆನ್ನಾಗಿದೆ, ಸಿಕ್ಕಿಹಾಕಿಕೊಂಡಿರುವುದು ಯಾವುದೋ ಒಂದು ಆ್ಯಪ್. ಹಾಗಿದ್ದರೆ ಹೋಮ್ ಸ್ಕ್ರೀನಿಗೆ ಬಂದರೆ ಸಾಕು. ಆದರೆ ಪವರ್ ಬಟನ್ನನ್ನು ಪಟಪಟನೆ ಒತ್ತಬೇಡಿ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ಬೇಗಬೇಗ ಐದು ಸಲ ಒತ್ತಿದರೆ ತುರ್ತು ಸಹಾಯದ ಕರೆ ಶುರುವಾಗುತ್ತದೆ. ಕೆಲವು ಫೋನು ಜೋರಾಗಿ ಕೂಗಿಕೊಳ್ಳುತ್ತ ಐದು, ನಾಲ್ಕು, ಮೂರು ಎಂದು ಎಣಿಸಿ 112ಕ್ಕೆ ಕಾಲ್ ಮಾಡಿಬಿಡುತ್ತವೆ. ಹಾಗಾದರೆ ಗಾಬರಿ ಬೇಡ, ಸ್ಕ್ರೀನಿನಲ್ಲೇ ರದ್ದು ಮಾಡುವ ಗುಂಡಿ ಇರುತ್ತದೆ. ಕಾಲ್ ಹೋಗಿಯೇಬಿಟ್ಟರೆ ಕತ್ತರಿಸಬೇಡಿ, ತಪ್ಪಿ ಒತ್ತಿದ್ದು ಎಂದು ಹೇಳಿ ಇಡಿ.

ಪವರ್ ಬಟನ್ನಿಗೂ ಜಗ್ಗದಿದ್ದರೆ ಫೋನನ್ನು ಬಲವಂತವಾಗಿ ರೀಸ್ಟಾರ್ಟ್ ಮಾಡಬೇಕು. ಸ್ಯಾಮ್‌ಸಂಗ್ ಫೋನಾದರೆ ಪವರ್ ಬಟನ್ ಮತ್ತು ಶಬ್ದ ಕಡಿಮೆ ಮಾಡುವ ಬಟನ್, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿ. ನಡುವೆ ಸ್ಕ್ರೀನಿನಲ್ಲಿ ಏನು ಬಂದರೂ ಬೆರಳು ತೆಗೆಯಬೇಡಿ. ಸ್ಕ್ರೀನ್ ಕಪ್ಪಾಗಿ ಕಂಪನಿಯ ಹೆಸರು ಮೂಡಿದಾಗ ಬಿಡಿ. ಬೇರೆ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಒಂದನ್ನೇ ಹಿಡಿದರೆ ಸಾಕು, ಆದರೆ ಹೆಚ್ಚು ಹೊತ್ತು ಹಿಡಿಯಬೇಕು. ಮೂವತ್ತರವರೆಗೆ ಎಣಿಸಿ. ಎಲ್ಲರೂ ಸೋಲುವುದು ಇಲ್ಲೇ. ಐದಾರು ಸೆಕೆಂಡ್ ಹಿಡಿದು, ಏನೂ ಆಗಲಿಲ್ಲವೆಂದು ಬಿಟ್ಟು, ಮತ್ತೆ ಹಿಡಿಯುತ್ತಾರೆ. ಬಿಟ್ಟ ತಕ್ಷಣ ಲೆಕ್ಕ ಮೊದಲಿನಿಂದ ಶುರು. ಐಫೋನಿನ ರೀತಿ ಬೇರೆ: ಶಬ್ದ ಹೆಚ್ಚಿಸುವ ಬಟನ್ ಒತ್ತಿ ಬಿಡಿ, ಕಡಿಮೆ ಮಾಡುವ ಬಟನ್ ಒತ್ತಿ ಬಿಡಿ, ಆಮೇಲೆ ಬಲಬದಿಯ ಬಟನ್ನನ್ನು ಸೇಬಿನ ಗುರುತು ಬರುವವರೆಗೆ ಹಿಡಿದಿರಿ. ಐಫೋನ್ 8 ಮತ್ತು ಅದರ ನಂತರದವಕ್ಕೆಲ್ಲ ಇದೇ ಕ್ರಮ.

ಹೀಗೆ ರೀಸ್ಟಾರ್ಟ್ ಮಾಡಿದರೆ ಮೊಮ್ಮಕ್ಕಳ ಫೋಟೊ, ನಂಬರುಗಳು, ವಾಟ್ಸ್‌ಆ್ಯಪ್ ಯಾವುದೂ ಅಳಿಸುವುದಿಲ್ಲ. ಅಳಿಸುವ ಅಪಾಯ ಇರುವುದು ಇನ್ನೊಂದು ಕಡೆ. ಶಬ್ದ ಹೆಚ್ಚಿಸುವ ಬಟನ್ನನ್ನು ಪವರ್ ಜೊತೆ ಹಿಡಿದುಬಿಟ್ಟರೆ ಕೆಲವು ಫೋನುಗಳಲ್ಲಿ ಕಪ್ಪು ಪರದೆಯ ಮೇಲೆ ಬರೀ ಇಂಗ್ಲಿಷ್ ಸಾಲುಗಳ ಪಟ್ಟಿ ಬರುತ್ತದೆ. ಅಲ್ಲಿ Wipe data/factory reset ಎಂಬ ಸಾಲಿಗೆ ಕೈ ಹಾಕಲೇಬೇಡಿ, ಫೋನಿನಲ್ಲಿರುವುದೆಲ್ಲ ಖಾಲಿಯಾಗುತ್ತದೆ. ನಿಮಗೆ ಬೇಕಾದ ಸಾಲು Reboot system now. ಸಾಮಾನ್ಯವಾಗಿ ಅದು ಪಟ್ಟಿಯ ಮೊದಲಲ್ಲೇ ಇರುತ್ತದೆ. ಅಲ್ಲಿ ಬೆರಳಿನಿಂದ ಮುಟ್ಟಿದರೆ ಎಷ್ಟೋ ಸಲ ಏನೂ ಆಗದು. ಶಬ್ದದ ಬಟನ್ನುಗಳಿಂದ ಮೇಲೆ ಕೆಳಗೆ ಸರಿದು, ಪವರ್ ಬಟನ್ನಿಂದ ಒಪ್ಪಿಗೆ ಕೊಡಬೇಕು. ಗೊತ್ತಾಗದಿದ್ದರೆ ಹಾಗೇ ಇಟ್ಟು ಯಾರನ್ನಾದರೂ ಕರೆಯಿರಿ.

ಫೋನ್ ಮತ್ತೆ ಹೊತ್ತಿಕೊಂಡಾಗ ಇನ್ನೊಂದು ತೊಡಕು ಕಾದಿರುತ್ತದೆ. ದಿನವೂ ಬೆರಳಚ್ಚಿನಿಂದ ತೆರೆಯುವ ಫೋನ್ ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಬೆರಳನ್ನು ಒಪ್ಪುವುದಿಲ್ಲ, ಪಿನ್ ಅಥವಾ ಪ್ಯಾಟರ್ನ್ ಕೇಳುತ್ತದೆ. ವರ್ಷಗಟ್ಟಲೆ ಹಾಕದ ಪಿನ್ ನೆನಪಿನಲ್ಲಿ ಇರುವುದಾದರೂ ಹೇಗೆ? ಅದನ್ನು ಹಾಕುವವರೆಗೆ ವಾಟ್ಸ್‌ಆ್ಯಪ್ ಮೆಸೇಜು ಬರುವುದಿಲ್ಲ. ಕಾಲ್ ಬಂದರೆ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ. ಫೋನ್ ಕೆಟ್ಟಿದೆ ಎಂದು ಮತ್ತೆ ಹೆದರಿಕೆ. ಹಾಗಾಗಿ ಫೋನ್ ಚೆನ್ನಾಗಿರುವ ಇವತ್ತೇ ಅದರ ಪಿನ್ನನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಬರೆಯಲೇಬಾರದು ಎನ್ನುವವರಿದ್ದಾರೆ. ಒಬ್ಬಂಟಿ ಹಿರಿಯರಿಗೆ ಆ ಸಲಹೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಫೋನಿನ ಕವರಿನೊಳಗೆ ಚೀಟಿ ಇಡಬಾರದು, ಯುಪಿಐ ಪಿನ್ನನ್ನು ಜೊತೆಗೆ ಬರೆಯಬಾರದು, ಅಷ್ಟು ಎಚ್ಚರ ಸಾಕು.

ಹ್ಯಾಂಗ್ ಆಗದೇ ಹ್ಯಾಂಗ್ ಆದಂತೆ ಕಾಣುವುದೂ ಉಂಟು. ಸಾಗರದಲ್ಲಿರುವ ನನ್ನ ಅಮ್ಮ ಒಂದು ಬೆಳಿಗ್ಗೆ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿದಳು.

‘ಏನು ಒತ್ತಿದ್ರೂ ಹೋಗ್ತಾ ಇಲ್ಲ ಕಣೋ. ಅದೇ ಮಾತಾಡ್ತಾ ಇದೆ.’

‘ಮಾತಾಡ್ತಾ ಇದೆಯಾ? ಏನಂತ?’

‘ನಾನು ಮುಟ್ಟಿದ್ದನ್ನೆಲ್ಲ ಹೆಂಗಸಿನ ದನಿಯಲ್ಲಿ ಓದ್ತಾ ಇದೆ. ಸುತ್ತ ಹಸಿರು ಗೆರೆ ಬೇರೆ.’

ಆ ಗೆರೆಯ ಮಾತು ಕೇಳಿದ ಮೇಲೆ ಅನುಮಾನ ಉಳಿಯಲಿಲ್ಲ. ಅದು ಟಾಕ್‌ಬ್ಯಾಕ್. ಕಣ್ಣು ಕಾಣದವರಿಗಾಗಿ ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ. ಶಬ್ದದ ಎರಡೂ ಬಟನ್ನುಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಹಿಡಿದರೆ ಅನೇಕ ಫೋನುಗಳಲ್ಲಿ ಅದು ಶುರುವಾಗುತ್ತದೆ. ಫೋನನ್ನು ಬಿಗಿಯಾಗಿ ಹಿಡಿದುಕೊಂಡಾಗ, ಚೀಲಕ್ಕೆ ತುರುಕಿದಾಗ ಹೀಗಾಗಿಬಿಡಬಹುದು. ಅದು ನಡೆಯುತ್ತಿರುವಾಗ ಒಂದು ಸಲ ಮುಟ್ಟಿದರೆ ಆ ಜಾಗಕ್ಕೆ ಗೆರೆ ಬಿದ್ದು ಹೆಸರು ಓದುತ್ತದೆ, ಅಷ್ಟೇ. ತೆರೆಯಬೇಕೆಂದರೆ ಬೇಗಬೇಗ ಎರಡು ಸಲ ತಟ್ಟಬೇಕು. ಮೇಲೆ ಕೆಳಗೆ ಸರಿಸಲು ಎರಡು ಬೆರಳು ಬೇಕು. ಇದು ತಿಳಿಯದವರಿಗೆ ಫೋನ್ ಸತ್ತೇಹೋದಂತೆ. ರೀಸ್ಟಾರ್ಟ್ ಮಾಡಿದರೂ ಟಾಕ್‌ಬ್ಯಾಕ್ ಹೋಗುವುದಿಲ್ಲ, ಮತ್ತೆ ಮಾತಾಡುತ್ತಲೇ ಎದ್ದುಬರುತ್ತದೆ. ಅಮ್ಮನಿಗೆ ಶಬ್ದದ ಎರಡೂ ಬಟನ್ ಒಟ್ಟಿಗೆ ಹಿಡಿದು ಐದರವರೆಗೆ ಎಣಿಸು ಎಂದೆ. ಆ ದನಿ ‘ಟಾಕ್‌ಬ್ಯಾಕ್ ಆಫ್’ ಎಂದು ನಿಂತಿತು.

ಇನ್ನು ದುಡ್ಡಿನ ವಿಷಯ. ಔಷಧಿ ಅಂಗಡಿಯಲ್ಲಿ 640 ರೂಪಾಯಿ ಕೊಡಲು ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಹಾಕಿದ ಮೇಲೆ ಚಕ್ರ ಸುತ್ತುತ್ತಾ ಫೋನ್ ನಿಂತುಹೋಯಿತು ಅಂದುಕೊಳ್ಳಿ. ಹಿಂದೆ ಜನ ನಿಂತಿದ್ದಾರೆ, ಮುಜುಗರ. ಆ ಅವಸರದಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಎರಡು ಸಲ ದುಡ್ಡು ಹೋಗುವ ಸಾಧ್ಯತೆ ಇದೆ. ಪಿನ್ ಹಾಕಿದ ಮೇಲೆ ಕೆಲಸ ನಡೆಯುವುದು ಬ್ಯಾಂಕುಗಳ ನಡುವೆ, ಅದಕ್ಕೆ ನಿಮ್ಮ ಫೋನ್ ಎಚ್ಚರವಾಗಿರಬೇಕೆಂದಿಲ್ಲ. ಪಕ್ಕಕ್ಕೆ ಸರಿದು ನಿಂತು ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪಿನ ಹಿಸ್ಟರಿ ನೋಡಿ. 640 ರೂಪಾಯಿ ಹೋಗಿದೆ ಎಂದಿದ್ದರೆ ಅಂಗಡಿಯವರಿಗೆ ತೋರಿಸಿ. Pending ಅಥವಾ Processing ಎಂದಿದ್ದರೆ ಕಾಯಬೇಕು, ಎರಡನೇ ಸಲ ಕಳಿಸಬಾರದು. Failed ಎಂದು ಬಂದು, ಬ್ಯಾಂಕಿನಿಂದ ಮಾತ್ರ ದುಡ್ಡು ಕಡಿತವಾದ ಮೆಸೇಜ್ ಬಂದಿದ್ದರೆ ಅದು ವಾಪಸ್ ಬರುವ ದುಡ್ಡು. ಅಂಗಡಿಗೆ ಕಟ್ಟಿದ ಇಂಥ ಹಣ 5 ದಿನದೊಳಗೆ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ.

ಅಪರೂಪಕ್ಕೆ ಹ್ಯಾಂಗ್ ಆದರೆ ಇಷ್ಟು ಸಾಕು. ವಾರಕ್ಕೆರಡು ಸಲ ಆಗತೊಡಗಿದರೆ ಕಾರಣ ಹುಡುಕಬೇಕು. ಹಿರಿಯರ ಫೋನಿನಲ್ಲಿ ಮೊದಲು ನೋಡಬೇಕಾದದ್ದು ಸ್ಟೋರೇಜ್. ಪಾತ್ರೆ ತುಂಬಿದ ಅಡುಗೆ ಕಟ್ಟೆಯ ಮೇಲೆ ತರಕಾರಿ ಹೆಚ್ಚಲು ಜಾಗವಿಲ್ಲದಂತೆ, ತುಂಬಿದ ಫೋನಿಗೆ ತನ್ನ ಕೆಲಸ ಹರಡಿಕೊಳ್ಳಲು ಜಾಗ ಇರುವುದಿಲ್ಲ. ತುಂಬಿಸುವುದು ಬಹುಮಟ್ಟಿಗೆ ವಾಟ್ಸ್‌ಆ್ಯಪ್. ಶುಭೋದಯದ ಹೂವು, ದೇವರ ಚಿತ್ರ, ಭಜನೆ, ಮದುವೆಯ ವಿಡಿಯೊ. ಒಂದೇ ವಿಡಿಯೊ ಮೂರು ಗುಂಪಿನಿಂದ ಬಂದರೆ ಮೂರು ಸಲ ನೋಡಿದ ಲೆಕ್ಕ.

Settings ತೆರೆದು Storage ನೋಡಿ. 64 ಜಿಬಿ ಫೋನಿನಲ್ಲಿ ಖಾಲಿ ಇರುವುದು ಒಂದೆರಡು ಜಿಬಿ ಮಾತ್ರ ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಆರೇಳು ಜಿಬಿಯಾದರೂ ಖಾಲಿ ಇರಲಿ. ವಾಟ್ಸ್‌ಆ್ಯಪಿನ ಮೂರು ಚುಕ್ಕಿ ಒತ್ತಿ Settings, ಅದರಲ್ಲಿ Storage and data, ಅದರಲ್ಲಿ Manage storage ಎಂಬಲ್ಲಿಗೆ ಹೋಗಿ. Forwarded many times, Larger than 5 MB ಎಂಬ ಎರಡು ಕಟ್ಟುಗಳು ಕಾಣುತ್ತವೆ. ಮೊದಲನೆಯದರಲ್ಲಿ ಇರುವುದು ಊರೆಲ್ಲ ಸುತ್ತಿ ಬಂದ ಮೆಸೇಜುಗಳು, ಅವನ್ನು ಸಂಕೋಚವಿಲ್ಲದೆ ಡಿಲೀಟ್ ಮಾಡಿ. ಎರಡನೆಯದರಲ್ಲಿ ಮನೆಯವರ ವಿಡಿಯೊಗಳೂ ಸೇರಿರುತ್ತವೆ, ಒಂದೊಂದಾಗಿ ನೋಡಿ ತೆಗೆಯಿರಿ. ಗ್ಯಾಲರಿಯಲ್ಲಿ ಡಿಲೀಟ್ ಮಾಡಿದ್ದು ಕೂಡಲೇ ಹೋಗುವುದಿಲ್ಲ, Trash ಎಂಬ ಬುಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ತಿಂಗಳು ಕೂತಿರುತ್ತದೆ. ಬುಟ್ಟಿ ಖಾಲಿ ಮಾಡಿದರೇ ಜಾಗ ಸಿಗುವುದು. ಅದೇ Storage and data ಪುಟದ ಕೆಳಗೆ Media auto-download ಇದೆ. ಅಲ್ಲಿ ವಿಡಿಯೊ ಮುಂದಿನ ಗುರುತು ತೆಗೆದುಬಿಟ್ಟರೆ ನೀವು ಮುಟ್ಟಿದ ವಿಡಿಯೊ ಮಾತ್ರ ಇಳಿಯುತ್ತದೆ. ಈ ಕೆಲಸವನ್ನು ಮಕ್ಕಳು ಊರಿಗೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿ. ಯಾವ ಫೋಟೊ ಉಳಿಯಬೇಕೆಂದು ಹೇಳುವವರು ನೀವೇ ಆಗಿರಬೇಕು.

ಜಾಗ ಧಾರಾಳವಾಗಿದ್ದೂ ಹ್ಯಾಂಗ್ ಆಗುತ್ತಿದ್ದರೆ, ಸುಮ್ಮನಿದ್ದಾಗಲೂ ಫೋನ್ ಬಿಸಿಯಾಗುತ್ತಿದ್ದರೆ ರಿಪೇರಿಗೆ ಕೊಡಬೇಕು. ಹಿಂಬದಿ ಉಬ್ಬಿ ಸ್ಕ್ರೀನ್ ಮೇಲೆದ್ದಂತೆ ಕಂಡರೆ ಅದು ಬ್ಯಾಟರಿ ಊದಿರುವ ಗುರುತು. ಚಾರ್ಜಿಗೆ ಹಾಕದೆ, ಒತ್ತದೆ, ಸ್ವಿಚ್ ಆಫ್ ಮಾಡಿ ಅವತ್ತೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡ್ಬೇಕು’ ಎಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸುತ್ತಾರೆ ಎಂದರ್ಥ. ಫೋಟೊ, ನಂಬರು, ವಾಟ್ಸ್‌ಆ್ಯಪ್ ಮೂರನ್ನೂ ಬೇರೆ ಕಡೆ ಉಳಿಸಿದ್ದಾರೆಯೇ ಎಂದು ಕೇಳಿ, ಕಣ್ಣಾರೆ ನೋಡಿದ ಮೇಲೆಯೇ ಹೂಂ ಅನ್ನಿ.