ಗ್ರೂಪಿನ ಮಾತು, ಮ್ಯಾನೇಜರ್‌ಗೆ ವರದಿ

ಹುಬ್ಬಳ್ಳಿಯಲ್ಲಿ ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಒಂದು ತಂಡ ಎಂದಿಟ್ಟುಕೊಳ್ಳಿ. ಕೈಯಲ್ಲಿ ಎರಡು ಕೆಲಸ: ಒಂದು ಶಾಲೆಯದು, ಇನ್ನೊಂದು ಮನೆಯದು. ಮಾತುಕತೆಯೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಸಂಜೆ ಸೂಪರ್‌ವೈಸರ್ ಅದನ್ನೆಲ್ಲ ಒಂದು ಇಮೇಲ್‌ಗೆ ಇಳಿಸಿ ಮ್ಯಾನೇಜರ್‌ಗೆ ಕಳಿಸಬೇಕು. ಜೂನ್ 13ರ ಶುಕ್ರವಾರ ಗ್ರೂಪಿನಲ್ಲಿ ಬಂದದ್ದು ಇಷ್ಟು:

9:10 ಸ್ಟೋರ್: ಮನಿದು ಇನ್ವರ್ಟರ್ ಇವತ್ತ ಬರತೈತಂತ
11:40 ಫಿಟ್ಟರ್: ಸಾಲಿ ಪ್ಯಾನೆಲ್ ಎಲ್ಲಾ ಕೂಡಿಸಿದ್ವಿ, ಅರ್ಥಿಂಗ್ ಬಾಕಿ
1:05 ಸ್ಟೋರ್: ಟ್ರಾನ್ಸ್‌ಪೋರ್ಟ್‌ನವ್ರು ಈಗ ಸೋಮವಾರ ಅನ್ನಾಕತ್ತಾರ
3:20 ಫಿಟ್ಟರ್: ಮನಿ ಮಾಲಕ್ರು ತಲಿ ತಿನ್ನಾಕತ್ತಾರ್ರಿ, ಬೆಳಿಗ್ಗಿಂದ ನಾಕ್ ಸಲ ಫೋನ್
4:30 ಸೂಪರ್‌ವೈಸರ್: ಸಾಲಿ ನೆಟ್ ಮೀಟರ್ ಕಾಗದ ಹೆಸ್ಕಾಂಗೆ ಯಾರ್ ಒಯ್ತೀರಿ?
4:32 ಎಲೆಕ್ಟ್ರಿಷಿಯನ್: 👍
5:50 ಎಲೆಕ್ಟ್ರಿಷಿಯನ್: ಸಾಲಿ ಅರ್ಥಿಂಗ್ ಆತು. ರೀಡಿಂಗ್ 8 ಬಂತು, ನಾಳೆ ಮತ್ತ ನೋಡೂಣು

ಈ ಏಳು ಸಾಲನ್ನು ಮೇಲಿಂದ ಕೆಳಗೆ ಒಂದೊಂದಾಗಿ ಶುದ್ಧ ಭಾಷೆಗೆ ತಿರುಗಿಸುತ್ತ ಹೋದರೆ ವರದಿ ಕೆಡುತ್ತದೆ. ಗ್ರೂಪು ಸಾಗುವುದು ಗಡಿಯಾರದ ಪ್ರಕಾರ. ಮ್ಯಾನೇಜರ್ ಕೇಳುವುದು ಕೆಲಸದ ಪ್ರಕಾರ. ಆದ್ದರಿಂದ ಮೊದಲು ಸಂದೇಶಗಳನ್ನು ಶಾಲೆ, ಮನೆ ಎಂದು ಬೇರ್ಪಡಿಸಬೇಕು. ಸೋಮವಾರ ಬರುವುದು ಏನು ಎಂದು 1:05ರ ಸಂದೇಶ ಹೇಳುವುದೇ ಇಲ್ಲ. 9:10ರದರ ಪಕ್ಕ ಇಟ್ಟಾಗಲೇ ಅದು ಇನ್ವರ್ಟರ್ ಎಂದು ಗೊತ್ತಾಗುತ್ತದೆ. ಹಾಗೆ ಇಟ್ಟ ಮೇಲೆ ಬೆಳಗಿನ ಮಾತು ಬಿದ್ದುಹೋಯಿತು, ಮಧ್ಯಾಹ್ನದ್ದೇ ಉಳಿಯಿತು. ‘ಸೋಮವಾರ’ದ ಜಾಗದಲ್ಲಿ ‘ಜೂನ್ 16’ ಎಂದು ಬರೆಯಬೇಕು. ಇಮೇಲನ್ನು ಯಾರು ಯಾವಾಗ ತೆರೆದು ನೋಡುತ್ತಾರೋ ಹೇಳಲಾಗದು.

ಹೆಚ್ಚು ಮೋಸ ಹೋಗುವ ಜಾಗ ಕೊನೆಯ ಸಂದೇಶ. ‘ಅರ್ಥಿಂಗ್ ಆತು’ ಎಂಬಷ್ಟನ್ನೇ ಎತ್ತಿಕೊಂಡು ‘ಅರ್ಥಿಂಗ್ ಪೂರ್ಣಗೊಂಡಿದೆ’ ಎಂದು ಬರೆದರೆ ಅದು ಸುಳ್ಳು. ಕೆಲಸದ ಆದೇಶದಲ್ಲಿ ಭೂಸಂಪರ್ಕದ ರೋಧ 5 ಓಮ್ ಮೀರಬಾರದು ಎಂದಿದ್ದರೆ, 8 ಬಂದದ್ದು ಫೇಲ್. ರಾಡ್ ಹೂತು ವೈರು ಕಟ್ಟಿದ್ದಷ್ಟೇ ಆಗಿದೆ. ಒಂದೇ ಸಂದೇಶದಲ್ಲಿ ‘ಆಯ್ತು’ ಮತ್ತು ‘ಮತ್ತೆ ನೋಡೋಣ’ ಎರಡೂ ಇದ್ದರೆ ಅದನ್ನು ಬಾಕಿಯ ಪಟ್ಟಿಗೇ ಸೇರಿಸಬೇಕು, ಅಳತೆಯ ಸಂಖ್ಯೆಯ ಸಮೇತ.

ಹೆಬ್ಬೆರಳಿನ ಚಿತ್ರವೂ ಹೀಗೆಯೇ. ಎಲೆಕ್ಟ್ರಿಷಿಯನ್ ‘ನಾ ಒಯ್ತೀನಿ’ ಎಂದರೋ, ‘ನೋಡಿದೆ’ ಎಂದರೋ? ಊಹಿಸಿ ಬರೆದರೆ ಒಪ್ಪಿಕೊಳ್ಳದ ಕೆಲಸ ಅವರ ಹೆಗಲೇರುತ್ತದೆ. ಒಂದು ಫೋನ್ ಮಾಡಿ ಕೇಳುವುದೇ ದಾರಿ. ಸಿಗದಿದ್ದರೆ ‘ಇನ್ನೂ ನಿಗದಿಯಾಗಿಲ್ಲ’ ಎನ್ನಬೇಕು.

ಮಾಲೀಕರು ‘ತಲಿ ತಿನ್ನಾಕತ್ತಾರ’ ಎಂಬ ಸಿಡುಕನ್ನು ಹಾಗೇ ಬರೆಯಲಾಗದು, ಹಾಗೆಂದು ಅಳಿಸಿಹಾಕುವಂತೆಯೂ ಇಲ್ಲ. ಅದರೊಳಗೆ ಗ್ರಾಹಕರು ಒಂದೇ ದಿನ ನಾಲ್ಕು ಸಲ ಫೋನ್ ಮಾಡಿದ ಸುದ್ದಿ ಇದೆ. ಸಿಡುಕು ಬಿಟ್ಟು ಸುದ್ದಿ ಇಟ್ಟುಕೊಂಡರಾಯಿತು.

ಇನ್ನುಳಿದದ್ದು ಏಕರೂಪ. ಸಾಲಿ, ಸ್ಕೂಲ್, ಮೊದಲನೇ ಸೈಟ್ ಎಂದು ಗ್ರೂಪಿನಲ್ಲಿ ನಾನಾ ಹೆಸರು ಓಡಾಡಿದರೂ ಇಮೇಲ್‌ನಲ್ಲಿ ಒಂದೇ ಹೆಸರಿರಲಿ. ಪ್ರತಿ ಬಾಕಿ ಕೆಲಸದ ಮುಂದೆ ಯಾರು, ಯಾವಾಗ ಎಂಬುದು ಅದೇ ಕ್ರಮದಲ್ಲಿ ಬರಲಿ. ಮ್ಯಾನೇಜರ್ ತೀರ್ಮಾನಿಸಬೇಕಾದದ್ದು ಎಲ್ಲಕ್ಕಿಂತ ಮೇಲಿರಲಿ. ಆಗ ಇಮೇಲ್ ಹೀಗಾಗುತ್ತದೆ:

ವಿಷಯ: ಶಾಲೆ ಮತ್ತು ಮನೆ ಸೋಲಾರ್ ಕೆಲಸ, ಜೂನ್ 13ರ ಸ್ಥಿತಿ

ಮಾನ್ಯರೆ,
ತಮ್ಮಿಂದ ಬೇಕಾದದ್ದು: ಮನೆಯ ಇನ್ವರ್ಟರ್ ಜೂನ್ 16ಕ್ಕೆ ಬರುವುದಾಗಿ ಸಾಗಣೆದಾರರು ತಿಳಿಸಿದ್ದಾರೆ. ಗ್ರಾಹಕರು ಇಂದು ನಾಲ್ಕು ಬಾರಿ ವಿಚಾರಿಸಿದ್ದಾರೆ. ಈ ದಿನಾಂಕವನ್ನು ಅವರಿಗೆ ತಿಳಿಸಬಹುದೇ?
ಮುಗಿದದ್ದು: ಶಾಲೆಯ ಪ್ಯಾನೆಲ್ ಜೋಡಣೆ.
ಬಾಕಿ:
1. ಶಾಲೆಯ ಅರ್ಥಿಂಗ್: ಅಳತೆ 8 ಓಮ್, ಮಿತಿ 5 ಓಮ್. ಎಲೆಕ್ಟ್ರಿಷಿಯನ್, ಜೂನ್ 14ರಂದು ಮರುಪರಿಶೀಲನೆ.
2. ಶಾಲೆಯ ನೆಟ್ ಮೀಟರ್ ಅರ್ಜಿ: ಹೆಸ್ಕಾಂಗೆ ಒಯ್ಯುವವರು ಇನ್ನೂ ನಿಗದಿಯಾಗಿಲ್ಲ.

ಇಲ್ಲಿ ‘ಸಾಗಣೆದಾರರು ತಿಳಿಸಿದ್ದಾರೆ’ ಎಂಬುದನ್ನು ಬೇಕೆಂದೇ ಉಳಿಸಿಕೊಂಡಿದೆ. ಭಾಷೆ ತಿದ್ದುವ ಭರದಲ್ಲಿ ‘ಜೂನ್ 16ಕ್ಕೆ ಬರಲಿದೆ’ ಎಂದುಬಿಟ್ಟರೆ, ಲಾರಿಯವರ ಅಂದಾಜು ನಮ್ಮ ಭರವಸೆಯಾಗಿ ಗ್ರಾಹಕರ ಕಿವಿ ತಲುಪುತ್ತದೆ. ‘ಅರ್ಥಿಂಗ್ ಸರಿಪಡಿಸಲಾಗುವುದು’ ಎಂದೂ ಬರೆದಿಲ್ಲ, ಏಕೆಂದರೆ ಎಲೆಕ್ಟ್ರಿಷಿಯನ್ ಹೇಳಿದ್ದು ಮತ್ತೆ ನೋಡುವುದಾಗಿ ಮಾತ್ರ. ಗ್ರೂಪಿನಲ್ಲಿ ಎಷ್ಟು ಖಾತ್ರಿ ಇತ್ತೋ ಇಮೇಲ್‌ನಲ್ಲೂ ಅಷ್ಟೇ ಇರಬೇಕು.

ಬರೆಯಲು ಕೂರುವುದು ತಡವಾದಷ್ಟೂ ಒಂದು ಎಚ್ಚರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು, ಆಮೇಲೂ ಅಳಿಸಬಹುದು. ಬೆಳಿಗ್ಗೆಯೇ ನಕಲು ಮಾಡಿಟ್ಟುಕೊಂಡದ್ದು ಹಳತಾಗಿರಬಹುದು. ಇನ್ನು ಫೋನಿನಲ್ಲಿ ಆಡಿದ ಮಾತಂತೂ ಗ್ರೂಪಿನಲ್ಲಿ ಇರುವುದೇ ಇಲ್ಲ. ಹಾಗಾಗಿ ಕರಡನ್ನು ಮೊದಲು ಗ್ರೂಪಿಗೇ ಹಾಕಿ, ‘ತಪ್ಪಿದ್ದರೆ ಆರೂವರೆಯೊಳಗೆ ಹೇಳಿ’ ಎನ್ನುವುದು ಒಳ್ಳೆಯದು. ಕಾಗದ ಒಯ್ಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬಹುಶಃ ಆಗಲೇ ಸಿಗುತ್ತದೆ.