ಲೈಕ್ ಕಡಿಮೆಯಾದರೆ ಶ್ಯಾಡೋಬ್ಯಾನ್ ಆಗಿದೆ ಎಂದರ್ಥವೇ?

ಕಳೆದ ವಾರದವರೆಗೆ 200 ಲೈಕ್ ಬರುತ್ತಿದ್ದ ಎಕ್ಸ್ ಖಾತೆಗೆ ಈಗ 20 ಕೂಡ ಬರುತ್ತಿಲ್ಲ. ಆಗ ಹಲವರು ಹೇಳುವುದು ಒಂದೇ ಮಾತು: "ನನ್ನ ಖಾತೆಗೆ ಶ್ಯಾಡೋಬ್ಯಾನ್ ಹಾಕಿದ್ದಾರೆ." ಇದು ನಿಜವೇ? ಇರಬಹುದು, ಇಲ್ಲದಿರಲೂಬಹುದು. ಲೈಕ್‌ಗಳ ಸಂಖ್ಯೆಯೊಂದನ್ನೇ ನೋಡಿ ಇದನ್ನು ಹೇಳಲಾಗದು.

ಅಮಾನತಿಗೂ ಇದಕ್ಕೂ ಏನು ವ್ಯತ್ಯಾಸ?

ಖಾತೆ ಅಮಾನತಾದರೆ ಅದು ಎಲ್ಲರಿಗೂ ಗೊತ್ತಾಗುತ್ತದೆ. ನಿಮ್ಮ ಪುಟ ತೆರೆದವರಿಗೆ Account suspended ಎಂಬ ಬರಹ ಕಾಣುತ್ತದೆ. ನೀವು ಪೋಸ್ಟ್ ಹಾಕಲಾಗದು, ಆದರೆ ಮೇಲ್ಮನವಿ ಸಲ್ಲಿಸಬಹುದು.

ಗುಪ್ತ ನಿರ್ಬಂಧದಲ್ಲಿ ನಿಮ್ಮ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪೋಸ್ಟ್ ಹೋಗುತ್ತದೆ, ನಿಮ್ಮ ಪುಟದಲ್ಲಿ ಕಾಣುತ್ತದೆ. ಆದರೆ ಇತರರು ಹುಡುಕಿದಾಗ ನಿಮ್ಮ ಹೆಸರು ಬರುವುದಿಲ್ಲ, ಅಥವಾ ನಿಮ್ಮ ಉತ್ತರಗಳು ಕೆಳಗೆ ಮರೆಯಾಗಿರುತ್ತವೆ. ಮೇಲ್ಮನವಿ ಸಲ್ಲಿಸೋಣವೆಂದರೆ ಸೂಚನೆಯೇ ಬಂದಿರುವುದಿಲ್ಲ.

ನ್ಯಾಯಾಲಯಕ್ಕೆ ಹೋದ ಪ್ರಕರಣ

ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಡ್ಯಾನಿ ಮೆಕಿಚ್ ಹಣ ಕೊಟ್ಟು ಎಕ್ಸ್‌ನ ಪ್ರೀಮಿಯಂ ಸೇವೆ ಪಡೆದಿದ್ದರು. 2023ರ ಅಕ್ಟೋಬರ್‌ನಲ್ಲಿ ಅವರು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಯುರೋಪಿಯನ್ ಕಾನೂನು ಪ್ರಸ್ತಾವವನ್ನು ಟೀಕಿಸುವ ಲೇಖನವೊಂದನ್ನು ಹಂಚಿಕೊಂಡರು. ಬಳಿಕ ಹುಡುಕಾಟದಲ್ಲಿ ಅವರ ಖಾತೆ ಸರಿಯಾಗಿ ಸಿಗದಂತಾಯಿತು. ಕಂಪನಿ ಅವರಿಗೆ ಏನನ್ನೂ ತಿಳಿಸಿರಲಿಲ್ಲ.

ಅವರು ಮೊಕದ್ದಮೆ ಹೂಡಿದರು. 2024ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಂ ಜಿಲ್ಲಾ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯ 17ನೇ ವಿಧಿಯಂತೆ, ಪೋಸ್ಟ್ ಅಳಿಸಿದಾಗ ಮಾತ್ರವಲ್ಲ, ಅದು ಕಾಣಿಸುವುದನ್ನು ಕಡಿಮೆ ಮಾಡಿದಾಗಲೂ ಕಾರಣ ತಿಳಿಸಬೇಕು. ಈ ಕಾಯ್ದೆ ಭಾರತಕ್ಕೆ ಅನ್ವಯಿಸದು. ಹಾಗಾಗಿ ಇಲ್ಲಿ ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬೇಕು.

ಪರೀಕ್ಷಿಸುವುದು ಹೇಗೆ?

ನಿಮ್ಮ ಖಾತೆಯಿಂದಲೇ ನೋಡಿದರೆ ಏನೂ ತಿಳಿಯುವುದಿಲ್ಲ. ನಿಮ್ಮನ್ನು ಫಾಲೋ ಮಾಡದ, ನೀವೂ ಫಾಲೋ ಮಾಡದ ಒಬ್ಬರ ಫೋನ್ ಬೇಕು. ನಿಮ್ಮ ಖಾತೆ ಪ್ರೊಟೆಕ್ಟೆಡ್ ಆಗಿರಬಾರದು.

1. ಅವರ ಫೋನಿನ ಹುಡುಕಾಟದಲ್ಲಿ ನಿಮ್ಮ ಯೂಸರ್‌ನೇಮ್ ಪೂರ್ತಿ ಟೈಪ್ ಮಾಡಿ. ಸಲಹೆಗಳ ಪಟ್ಟಿಯಲ್ಲಿ ಖಾತೆ ಬರುತ್ತದೆಯೇ ನೋಡಿ.

2. ನಂತರ ಕೆಳಗಿನಂತೆ ಹುಡುಕಿ, Latest ಒತ್ತಿ. ಇಂದಿನ ಪೋಸ್ಟ್‌ಗಳು ಬರಬೇಕು.

```
from:ನಿಮ್ಮ_ಯೂಸರ್‌ನೇಮ್
```

3. ಬೇರೊಬ್ಬರ ಪೋಸ್ಟ್‌ಗೆ ನೀವು ಹಾಕಿದ ಉತ್ತರವನ್ನು ಹುಡುಕಿ. ಅದು ಸಾಮಾನ್ಯವಾಗಿ ಕಾಣುತ್ತಿದೆಯೇ, ಅಥವಾ ಕೊನೆಯಲ್ಲಿ ಇನ್ನೊಂದು ಬಟನ್ ಒತ್ತಿದ ಮೇಲಷ್ಟೇ ಕಾಣುತ್ತಿದೆಯೇ ಗಮನಿಸಿ.

ಇಲ್ಲೇ ಹಲವರು ಎಡವುತ್ತಾರೆ. ಹುಡುಕಾಟದ ಸೆಟ್ಟಿಂಗ್ಸ್‌ನಲ್ಲಿ Hide sensitive content ಎಂಬ ಆಯ್ಕೆ ಇದೆ. ಗೆಳೆಯರ ಫೋನಿನಲ್ಲಿ ಅದು ಆನ್ ಆಗಿದ್ದು, ನಿಮ್ಮ ಚಿತ್ರಗಳಿಗೆ ಸೆನ್ಸಿಟಿವ್ ಗುರುತಿದ್ದರೆ, ನಿರ್ಬಂಧವಿಲ್ಲದೆಯೂ ಪೋಸ್ಟ್ ಕಾಣದಿರಬಹುದು. ಅವರು ನಿಮ್ಮನ್ನು ಮ್ಯೂಟ್ ಮಾಡಿದ್ದರೂ ಫಲಿತಾಂಶ ತಪ್ಪಾಗಬಹುದು. ಆದ್ದರಿಂದ ಅದೇ ಫೋನಿನಲ್ಲಿ, ಅವರು ಫಾಲೋ ಮಾಡದ ಇನ್ನೊಂದು ಖಾತೆಯನ್ನೂ ಹೀಗೆಯೇ ಹುಡುಕಿ. ಅದು ಬಂದು ನಿಮ್ಮದು ಮಾತ್ರ ಬಾರದಿದ್ದರೆ, ಎರಡು-ಮೂರು ದಿನ ಬಿಟ್ಟು ಬೇರೆ ಫೋನಿನಲ್ಲಿ ಮತ್ತೆ ನೋಡಿ. ಆಗಲೂ ಹಾಗೆಯೇ ಆದರೆ ಅನುಮಾನಕ್ಕೆ ಆಧಾರವಿದೆ.

ಮೂರೂ ಪರೀಕ್ಷೆಗಳಲ್ಲಿ ನಿಮ್ಮ ಖಾತೆ ಸರಿಯಾಗಿ ಕಂಡರೆ, ಲೈಕ್ ಇಳಿಯಲು ಬೇರೆ ಕಾರಣ ಇರುವ ಸಾಧ್ಯತೆಯೇ ಹೆಚ್ಚು. ಆದರೆ ಟೈಮ್‌ಲೈನ್‌ನಲ್ಲಿ ಪೋಸ್ಟ್‌ಗೆ ಕಡಿಮೆ ಆದ್ಯತೆ ಕೊಟ್ಟಿದ್ದರೆ, ಅದನ್ನು ಈ ಪರೀಕ್ಷೆಯಿಂದ ಹಿಡಿಯಲಾಗದು.

ಇನ್‌ಸ್ಟಾಗ್ರಾಂನಲ್ಲಿ?

ಅಲ್ಲಿ ಸೆಟ್ಟಿಂಗ್ಸ್‌ನಲ್ಲೇ Account Status ಎಂಬ ಪುಟವಿದೆ. ನಿಮ್ಮ ಪೋಸ್ಟ್‌ಗಳನ್ನು ಫಾಲೋ ಮಾಡದವರಿಗೂ ತೋರಿಸಲು ಅರ್ಹತೆ ಇದೆಯೇ ಎಂಬುದನ್ನು ಅದು ಹೇಳುತ್ತದೆ. ತಡೆಗೆ ಕಾರಣವಾದ ಪೋಸ್ಟ್ ಅಲ್ಲಿ ಕಂಡರೆ ಅದನ್ನು ಅಳಿಸಬಹುದು, ಇಲ್ಲವೇ ಮರುಪರಿಶೀಲನೆ ಕೇಳಬಹುದು.

ಒಂದು ಎಚ್ಚರಿಕೆ: ಶ್ಯಾಡೋಬ್ಯಾನ್ ಪರೀಕ್ಷಿಸಿ ಕೊಡುತ್ತೇವೆ ಎನ್ನುವ ಜಾಲತಾಣ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಈ ಪರೀಕ್ಷೆಗೆ ಬೇಕಿರುವುದು ನಿಮ್ಮ ಯೂಸರ್‌ನೇಮ್ ಮಾತ್ರ.